ಕಣ್ಣು ಬಿಟ್ಟಿದ್ದಾರೆ, ಅರಿವು ಇದೆಯಾ? ವೆಜಿಟೇಟಿವ್ ಸ್ಥಿತಿಯನ್ನೂ ಅಲ್ಪ ಅರಿವಿನ ಸ್ಥಿತಿಯನ್ನೂ ಬೇರ್ಪಡಿಸಿ ನೋಡುವ ಬಗೆ

ತಲೆಗೆ ಪೆಟ್ಟು ಬಿದ್ದು ವಾರಗಟ್ಟಲೆ ಐಸಿಯುನಲ್ಲಿದ್ದವರ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕಣ್ಣು ಬಿಡ್ತಾನೆ, ಆಕಳಿಸ್ತಾನೆ, ಕೆಲವು ಸಲ ನನ್ನನ್ನೇ ನೋಡಿದ ಹಾಗೆ ಅನಿಸುತ್ತೆ. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ವೆಜಿಟೇಟಿವ್ ಸ್ಟೇಟ್ ಅಂತ ಬರೆದಿದ್ದಾರೆ. ಅವನಿಗೆ ಗೊತ್ತಾಗುತ್ತಾ, ಇಲ್ವಾ?"

ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಆದರೆ ಉತ್ತರ ಹುಡುಕುವ ಕ್ರಮ ಇದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನೀವೇ ರೋಗ ನಿರ್ಣಯ ಮಾಡಲಿ ಅನ್ನುವುದು ನನ್ನ ಉದ್ದೇಶ ಅಲ್ಲ. ರೌಂಡ್ಸ್‌ಗೆ ಬಂದು ಹತ್ತು ನಿಮಿಷ ನೋಡಿ ಹೋಗುವ ವೈದ್ಯರಿಗಿಂತ ಇಡೀ ದಿನ ಪಕ್ಕದಲ್ಲಿರುವ ನಿಮಗೆ ಕಾಣುವುದು ಜಾಸ್ತಿ. ಕಂಡದ್ದನ್ನು ವೈದ್ಯರು ತೂಗಿ ನೋಡಬಹುದಾದ ರೂಪದಲ್ಲಿ ಅವರ ಮುಂದಿಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು ಎರಡು ಪದ: ಎಚ್ಚರ ಮತ್ತು ಅರಿವು

ನಮ್ಮಲ್ಲಿ ಎಲ್ಲದಕ್ಕೂ "ಕೋಮಾ" ಅನ್ನುತ್ತಾರೆ. ಕೋಮಾದಲ್ಲಿ ಕಣ್ಣು ಮುಚ್ಚಿಯೇ ಇರುತ್ತದೆ, ಎಷ್ಟು ಅಲುಗಿಸಿದರೂ ತೆರೆಯುವುದಿಲ್ಲ. ಬದುಕುಳಿದವರಲ್ಲಿ ಇದು ಸಾಮಾನ್ಯವಾಗಿ ಎರಡು ನಾಲ್ಕು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಆಮೇಲೆ ಕಣ್ಣು ತೆರೆದುಕೊಳ್ಳುತ್ತದೆ.

ಕಣ್ಣು ತೆರೆಯುವುದು ಮೆದುಳು ಕಾಂಡದ ಕೆಲಸ. ಕತ್ತಿನ ಮೇಲ್ಭಾಗದಲ್ಲಿ, ಮೆದುಳಿನ ಬುಡದಲ್ಲಿರುವ ಭಾಗ ಅದು. ಉಸಿರಾಟ, ನಿದ್ದೆ, ಎಚ್ಚರ, ಆಕಳಿಕೆ ಎಲ್ಲ ಅಲ್ಲಿಂದ ನಡೆಯುತ್ತವೆ. ಎದುರಿಗಿರುವುದು ಅಕ್ಕ ಅಂತ ಗೊತ್ತಾಗಬೇಕಾದರೆ ಮಾತ್ರ ಮೇಲಿನ ಮೆದುಳು, ಅಂದರೆ ಕಾರ್ಟೆಕ್ಸ್ ಮತ್ತು ಅದಕ್ಕೆ ಸಂದೇಶ ಸಾಗಿಸುವ ಒಳಗಿನ ಥಾಲಮಸ್, ಕೂಡಿ ಕೆಲಸ ಮಾಡಬೇಕು. ಎಚ್ಚರ ಇದ್ದು ಅರಿವು ಇಲ್ಲದಿದ್ದರೆ ಅದು ವೆಜಿಟೇಟಿವ್ ಸ್ಥಿತಿ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಅನ್ನುವ ಇಬ್ಬರು ವೈದ್ಯರು ಕೊಟ್ಟ ಹೆಸರು ಇದು. ಕೇಳಲು ಕಷ್ಟವಾಗುವ ಹೆಸರು ಅಲ್ವಾ? ಅದಕ್ಕೇ 2010ರಿಂದ ಯೂರೋಪಿನ ತಜ್ಞರು "ಎಚ್ಚರವಿದ್ದೂ ಸ್ಪಂದಿಸದ ಸ್ಥಿತಿ" ಅನ್ನುವ ಅರ್ಥದ ಬೇರೆ ಹೆಸರು ಬಳಸುತ್ತಿದ್ದಾರೆ.

ಅರಿವು ಸ್ವಲ್ಪ ಇದ್ದು, ಅದು ಬಂದು ಹೋಗಿ ಮಾಡುತ್ತಿದ್ದರೆ ಅದು ಅಲ್ಪ ಅರಿವಿನ ಸ್ಥಿತಿ. ವೈದ್ಯರು ಇದನ್ನು ಮಿನಿಮಲಿ ಕಾನ್ಷಿಯಸ್ ಸ್ಟೇಟ್ ಅಥವಾ ಚಿಕ್ಕದಾಗಿ ಎಂಸಿಎಸ್ ಅನ್ನುತ್ತಾರೆ. ಇದರ ಲಕ್ಷಣಗಳನ್ನು 2002ರಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಇಲ್ಲಿ "ಬಂದು ಹೋಗಿ" ಅನ್ನುವ ಮಾತನ್ನು ಹಿಡಿದಿಟ್ಟುಕೊಳ್ಳಿ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇರುವುದಿಲ್ಲ. ರೋಗ ನಿರ್ಣಯ ತಪ್ಪುವುದಕ್ಕೆ ದೊಡ್ಡ ಕಾರಣವೇ ಅದು.

ಎಷ್ಟು ತಪ್ಪುತ್ತದೆ ಗೊತ್ತಾ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೈದ್ಯರ ತಂಡ ವೆಜಿಟೇಟಿವ್ ಅಂತ ಒಮ್ಮತದಿಂದ ಹೇಳಿದ 44 ಮಂದಿಯನ್ನು ಕ್ರಮಬದ್ಧ ಪರೀಕ್ಷೆಗೆ ಒಳಪಡಿಸಿದರು. ಅವರಲ್ಲಿ 18 ಮಂದಿಗೆ ಅಲ್ಪ ಅರಿವು ಇತ್ತು. ಆ ಕ್ರಮಬದ್ಧ ಪರೀಕ್ಷೆಯ ಹೆಸರು ಕೋಮಾ ರಿಕವರಿ ಸ್ಕೇಲ್, ಅದರ ಪರಿಷ್ಕೃತ ರೂಪ. ವೈದ್ಯರ ಬಾಯಲ್ಲಿ ಸಿಆರ್‌ಎಸ್‌-ಆರ್. ಕೇಳುವುದು, ನೋಡುವುದು, ಕೈಕಾಲಿನ ಚಲನೆ, ಬಾಯಿ, ಸಂವಹನ, ಎಚ್ಚರ ಎಂಬ ಆರು ಭಾಗ ಸೇರಿ ಒಟ್ಟು 23 ಅಂಕ. ಐಸಿಯುನಲ್ಲಿ ಹೇಳುವ ಗ್ಲಾಸ್ಗೋ ಅಂಕ ಇದಲ್ಲ. ಗ್ಲಾಸ್ಗೋ ಅಂಕದಲ್ಲಿ ಕಣ್ಣು ತೆರೆದರೆ ಅಂಕ ಸಿಗುತ್ತದೆ, ಆ ಕಣ್ಣು ಏನನ್ನಾದರೂ ಹಿಂಬಾಲಿಸುತ್ತಿದೆಯಾ ಅಂತ ಅದು ಕೇಳುವುದೇ ಇಲ್ಲ.

ಹಂತಗಳು ಅರ್ಥವಾಗಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. 32 ವರ್ಷದ ಯುವಕ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಹತ್ತು ವಾರ ಆಗಿದೆ. ಗಂಟಲಲ್ಲಿ ಟ್ರಾಕಿಯೋಸ್ಟಮಿ ಕೊಳವೆ, ಮೂಗಲ್ಲಿ ಊಟದ ಟ್ಯೂಬ್. ಬಲಗೈ ಮಡಚಿ ಬಿಗಿದುಕೊಂಡಿದೆ, ಎಡಗೈ ಆಗಾಗ ಅಲುಗುತ್ತದೆ. ಚೀಟಿಯಲ್ಲಿ ವೆಜಿಟೇಟಿವ್ ಅಂತಿದೆ. ಅಕ್ಕ ಒಪ್ಪುತ್ತಿಲ್ಲ.

ಹಂತ 1: ಅರಿವನ್ನು ಮುಚ್ಚಿಡುವ ಕಾರಣಗಳನ್ನು ಮೊದಲು ತೆಗೆಯಿರಿ

ಪರೀಕ್ಷೆ ಶುರು ಮಾಡುವ ಮೊದಲು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಇವನನ್ನು ಮಂಕು ಮಾಡುವಂಥದ್ದು ಬೇರೆ ಏನಾದರೂ ಇದೆಯಾ?"

ಔಷಧಿ ಮೊದಲನೆಯದು. ಫಿಟ್ಸ್ ಬರದಿರಲಿ ಅಂತ ಕೊಡುವ ಕ್ಲೋಬಜಾಮ್, ಕೈಕಾಲಿನ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್, ರಾತ್ರಿ ಗಲಾಟೆ ಮಾಡದಿರಲಿ ಅಂತ ಕೊಡುವ ಮಾತ್ರೆ, ಎಲ್ಲವೂ ತೂಕಡಿಕೆ ತರುತ್ತವೆ. ಐಸಿಯುನಲ್ಲಿ ಶುರುವಾದ ಔಷಧಿ ವಾರ್ಡಿಗೆ ಬಂದ ಮೇಲೂ ಯಾರೂ ಗಮನಿಸದೆ ಮುಂದುವರಿಯುವುದು ಉಂಟು. ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ. ಪಟ್ಟಿ ಹಿಡಿದು ಕೇಳಿ, ಅಷ್ಟೇ.

ಎರಡನೆಯದು ಸೋಂಕು ಮತ್ತು ರಕ್ತದ ಲವಣ. ಮೂತ್ರದ ಸೋಂಕಿನ ಜ್ವರವೋ, ಸೋಡಿಯಂ ಇಳಿದದ್ದೋ ಸಾಕು, ಇದ್ದ ಚೂರು ಅರಿವೂ ಮರೆಯಾಗುತ್ತದೆ.

ಮೂರನೆಯದು ಎಲ್ಲರೂ ಮರೆಯುವಂಥದ್ದು. ತಲೆಯೊಳಗಿನ ನೀರು ಸರಿಯಾಗಿ ಹರಿಯದೆ ಮೆದುಳಿನ ಕೋಣೆಗಳು ಹಿಗ್ಗುತ್ತವೆ. ಇದಕ್ಕೆ ಹೈಡ್ರೋಸೆಫಾಲಸ್ ಅನ್ನುತ್ತಾರೆ. ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ, ಶಂಟ್ ಕೊಳವೆ ಹಾಕಿ ಸರಿಪಡಿಸಬಹುದು. ಸ್ವಲ್ಪ ಸುಧಾರಿಸುತ್ತಿದ್ದವರು ಒಂದು ಕಡೆ ನಿಂತುಬಿಟ್ಟರೆ ಅಥವಾ ಹಿಂದಕ್ಕೆ ಹೋದರೆ ಹೊಸ ಸಿಟಿ ಬೇಕೇ ಬೇಕು. ಕೈಕಾಲು ಅದುರದೆ ಮೆದುಳಿನೊಳಗೇ ನಡೆಯುವ ಫಿಟ್ಸ್ ಕೂಡ ಇದೆ. ಅದು ಇಇಜಿಯಲ್ಲಿ, ಅಂದರೆ ನೆತ್ತಿಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಳೆಯುವ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಕೊನೆಗೆ ಕಿವಿ, ಕಣ್ಣು, ಭಾಷೆ. ಅಪಘಾತದಲ್ಲಿ ಕಿವಿಯ ಮೂಳೆ ಮುರಿದು ಕೇಳದೇ ಹೋಗಿರಬಹುದು. ಎಡ ಮೆದುಳಿಗೆ ಪೆಟ್ಟಾಗಿ ಮಾತು ಅರ್ಥವೇ ಆಗದಿರಬಹುದು. ಅಂಥವರು "ಕೈ ಎತ್ತು" ಅಂದರೆ ಎತ್ತುವುದಿಲ್ಲ, ಆದರೆ ಅರಿವು ಇರುತ್ತದೆ. ಭಾಷೆ ಅಂದಾಗ ಇನ್ನೊಂದು ನೆನಪಾಯಿತು. ಮನೆಯಲ್ಲಿ ತುಳುವೋ ಉರ್ದುವೋ ಕೊಂಕಣಿಯೋ ಆಡುತ್ತಿದ್ದವರಿಗೆ ಪರೀಕ್ಷೆಯೂ ಅದೇ ಭಾಷೆಯಲ್ಲಿ ನಡೆಯಬೇಕು. ಬೇರೆ ಭಾಷೆಯಲ್ಲಿ ಕೊಟ್ಟ ಆಜ್ಞೆಗೆ ಸ್ಪಂದಿಸಲಿಲ್ಲ ಅಂತ ಬರೆದರೆ ಅದು ಪರೀಕ್ಷೆಯೇ ಅಲ್ಲ.

ನಮ್ಮ ಯುವಕನ ವಿಷಯದಲ್ಲಿ ಮೂತ್ರದ ಸೋಂಕು ಸಿಕ್ಕಿತು ಅಂದುಕೊಳ್ಳಿ. ಜ್ವರ ಇಳಿಯಲು ಐದು ದಿನ ಹಿಡಿಯಿತು. ವೈದ್ಯರು ಕ್ಲೋಬಜಾಮ್ ನಿಧಾನಕ್ಕೆ ಕಡಿಮೆ ಮಾಡಿದರು. ಸಿಟಿಯಲ್ಲಿ ನೀರು ತುಂಬಿಲ್ಲ. ಈಗ ಪರೀಕ್ಷೆಗೆ ಅರ್ಥ ಬಂತು.

ಹಂತ 2: ಕೂರಿಸಿ, ಎಬ್ಬಿಸಿ, ಸುಮ್ನೆ ನೋಡಿ

ಮಲಗಿಸಿಕೊಂಡು ಪರೀಕ್ಷೆ ಬೇಡ. ವೀಲ್‌ಚೇರ್‌ನಲ್ಲಿ ಕೂರಿಸಿ, ಆಗದಿದ್ದರೆ ಮಂಚದ ತಲೆಭಾಗ ಎತ್ತಿ. ಕೋಣೆಯಲ್ಲಿ ಬೆಳಕಿರಲಿ. ಟಿವಿ ಆರಿಸಿ, ಫೋನ್ ಸೈಲೆಂಟ್ ಮಾಡಿ, ಒಬ್ಬರೇ ಮಾತಾಡಿ. ಆಗ ತಾನೇ ಕಫ ಎಳೆದಿದ್ದರೆ ಅಥವಾ ಫಿಸಿಯೋ ಮುಗಿದಿದ್ದರೆ ಸ್ವಲ್ಪ ಹೊತ್ತು ಬಿಡಿ.

ಕಣ್ಣು ಮುಚ್ಚುತ್ತಾ ಹೋದರೆ ಪರೀಕ್ಷಕರು ಮುಖದಿಂದ ಶುರು ಮಾಡಿ ಕುತ್ತಿಗೆ, ಭುಜ, ತೋಳು, ಕಾಲಿನವರೆಗೆ ಸ್ನಾಯುಗಳನ್ನು ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ ಹೊರಳಿಸುತ್ತಾರೆ. ಇದು ಎಬ್ಬಿಸುವ ವಿಧಾನ. ನಡುವೆ ಮತ್ತೆ ತೂಕಡಿಸಿದರೆ ಮತ್ತೆ ಮಾಡಬೇಕು.

ಆಮೇಲೆ ಕನಿಷ್ಠ ಒಂದು ನಿಮಿಷ ಏನೂ ಹೇಳದೆ, ಮುಟ್ಟದೆ ನೋಡಬೇಕು. ತಾನಾಗೇ ಯಾವ ಯಾವ ಚಲನೆ ಆಗುತ್ತಿದೆ, ಎಷ್ಟು ಸಲ ಅಂತ ಎಣಿಸಿ ಬರೆಯಿರಿ. ನಾನು ನೋಡಿದ ಹಾಗೆ ಅತಿ ಹೆಚ್ಚು ಮಂದಿ ಬಿಟ್ಟುಬಿಡುವ ಹೆಜ್ಜೆ ಇದೇ. ಈ ಎಣಿಕೆ ಇಲ್ಲದಿದ್ದರೆ ಮುಂದೆ ಕಂಡ ಯಾವ ಚಲನೆಗೂ ಬೆಲೆ ಇಲ್ಲ. ನಮ್ಮ ಯುವಕನ ಎಡ ಹೆಬ್ಬೆರಳು ಎರಡು ನಿಮಿಷದಲ್ಲಿ ತಾನಾಗೇ ಮೂರು ಸಲ ಅಲುಗಿತು. ಇದನ್ನು ನೆನಪಿಡಿ.

ಈ ಹೊತ್ತಿನಲ್ಲಿ ಮೋಸ ಮಾಡುವ ಚಲನೆಗಳು ಕೆಲವಿವೆ. ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುವುದು ಹಸುಗೂಸಿನಲ್ಲಿರುವ ಹಿಡಿತದ ಪ್ರತಿಕ್ರಿಯೆ. "ನನ್ನ ಕೈ ಹಿಡಿದ, ಬಿಡಲೇ ಇಲ್ಲ" ಅನ್ನುವುದು ಮನೆಯವರಿಗೆ ತುಂಬಾ ಸಂತೋಷ ಕೊಡುವ ಕ್ಷಣ. ಆದರೆ ಅದೊಂದೇ ಅರಿವಿನ ಗುರುತಲ್ಲ. ಜೋರಾದ ಶಬ್ದಕ್ಕೆ ಬೆಚ್ಚುವುದು, ಹಲ್ಲು ಕಡಿಯುವುದು, ನರಳುವುದು, ಕಾರಣವಿಲ್ಲದೆ ಕಣ್ಣೀರು ಬರುವುದು, ಕಣ್ಣು ಅತ್ತಿತ್ತ ತೇಲುವುದು, ಇವೆಲ್ಲ ವೆಜಿಟೇಟಿವ್ ಸ್ಥಿತಿಯಲ್ಲೂ ಆಗುತ್ತವೆ.

ಹಂತ 3: ಕನ್ನಡಿ

ಅರಿವು ಮರಳುವಾಗ ಎಲ್ಲಕ್ಕಿಂತ ಮೊದಲು ಕಾಣುವ ಗುರುತುಗಳಲ್ಲಿ ಒಂದು ಕಣ್ಣಿನ ಹಿಂಬಾಲಿಕೆ. ಬೆರಳೋ ಪೆನ್ನೋ ಟಾರ್ಚೋ ಹಿಡಿದು ನೋಡುವುದು ವೈದ್ಯರ ಹಳೆಯ ಅಭ್ಯಾಸ. ಅದು ಸಾಲದು. ಪೆನ್ನಿಗೆ ಅಲುಗದ ಕಣ್ಣು ಕನ್ನಡಿಯಲ್ಲಿ ತನ್ನ ಮುಖ ಕಂಡಾಗ ಅಲುಗುವುದು ಉಂಟು. 2008ರಲ್ಲಿ ಬೆಲ್ಜಿಯಂನ ಲೀಯೆಜ್ ತಂಡ ಇದನ್ನು ಹೋಲಿಸಿ ನೋಡಿ, ಕನ್ನಡಿಯಲ್ಲೇ ಹೆಚ್ಚು ಮಂದಿ ಸಿಗುತ್ತಾರೆ ಅಂತ ತೋರಿಸಿತು. ಬೇಕಾದದ್ದು ಮುಖ ಪೂರ್ತಿ ಕಾಣುವ ಒಂದು ಕೈಗನ್ನಡಿ ಮಾತ್ರ.

ಮುಖದಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಕನ್ನಡಿ ಹಿಡಿಯಿರಿ. "ಕನ್ನಡಿ ನೋಡು" ಅನ್ನಿ. ತನ್ನ ಮುಖ ಅವನಿಗೆ ಕಾಣುವ ಹಾಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ನಿಧಾನವಾಗಿ ನಡುವಿನಿಂದ ಬಲಕ್ಕೆ 45 ಡಿಗ್ರಿ, ವಾಪಸ್, ಎಡಕ್ಕೆ 45 ಡಿಗ್ರಿ, ವಾಪಸ್. ಹಾಗೇ ಮೇಲೆ, ಕೆಳಗೆ. ಇಡೀ ಸುತ್ತು ಇನ್ನೊಮ್ಮೆ. ಕಣ್ಣು ಕನ್ನಡಿಯನ್ನು ಬಿಡದೆ 45 ಡಿಗ್ರಿ ಪೂರ್ತಿ ಹಿಂಬಾಲಿಸಿದ್ದು ಯಾವ ದಿಕ್ಕಿಗಾದರೂ ಸರಿ, ಎರಡು ಸಲ ಕಂಡರೆ ಆ ಗುರುತು ಇದೆ ಅಂತ ಲೆಕ್ಕ. ರೆಪ್ಪೆ ತೆರೆದಿಟ್ಟುಕೊಳ್ಳಲು ಆಗದವರಿಗೆ ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿಯಬಹುದು.

ಇಲ್ಲಿ ಆಗುವ ತಪ್ಪುಗಳು: ಬೇಗ ಬೇಗ ಸರಿಸುವುದು. ಕನ್ನಡಿಯ ಜೊತೆ ಮಾತಾಡುತ್ತಾ ನೀವೇ ಆ ಕಡೆ ಬಾಗುವುದು, ಆಗ ಕಣ್ಣು ಕನ್ನಡಿಯನ್ನು ನೋಡಿತಾ, ನಿಮ್ಮ ದನಿಯ ಕಡೆ ತಿರುಗಿತಾ ಗೊತ್ತಾಗುವುದಿಲ್ಲ. ಕನ್ನಡಿಯಿಂದ ಕಿಟಕಿ ಬೆಳಕು ಕಣ್ಣಿಗೆ ಹೊಡೆಯುವುದು. ಇನ್ನೊಂದು, ಹೃದಯ ನಿಂತು ಆಮ್ಲಜನಕ ಸಾಲದೆ ಮೆದುಳು ಹಾನಿಗೊಂಡವರಲ್ಲಿ ಹಿಂಭಾಗದ ದೃಷ್ಟಿ ಕೇಂದ್ರವೇ ಸತ್ತಿರಬಹುದು. ಕಣ್ಣು ಚೆನ್ನಾಗಿದ್ದರೂ ಅವರಿಗೆ ಕಾಣುವುದಿಲ್ಲ. ಅಂಥವರಲ್ಲಿ ಕನ್ನಡಿ ಪರೀಕ್ಷೆ ಸೋತರೆ ಅದನ್ನು ಅರಿವಿಲ್ಲದ ಲೆಕ್ಕಕ್ಕೆ ಹಾಕಬಾರದು.

ನಮ್ಮ ಯುವಕ ಮೊದಲ ದಿನ ಬೆಳಿಗ್ಗೆ ಏನೂ ತೋರಿಸಲಿಲ್ಲ. ಎರಡನೇ ದಿನ ಸಂಜೆ, ಕೂರಿಸಿ ಎಬ್ಬಿಸಿದ ಮೇಲೆ, ಬಲಕ್ಕೆ ಎರಡು ಸಲ ಪೂರ್ತಿ ಹಿಂಬಾಲಿಸಿದ. ಎಡಕ್ಕೆ ಒಮ್ಮೆಯೂ ಇಲ್ಲ. ಅಷ್ಟು ಸಾಕು. ಇದೊಂದೇ ಗುರುತಿನಿಂದ ಅವನು ವೆಜಿಟೇಟಿವ್ ಸ್ಥಿತಿಯಿಂದ ಆಚೆ ಬಂದ.

ಹಂತ 4: ಆಜ್ಞೆ ಪಾಲಿಸುತ್ತಾನಾ?

ಅಕ್ಕ ಹೇಳುವುದು, "ಕಣ್ಣು ಮುಚ್ಚು ಅಂದೆ, ಮುಚ್ಚಿದ!" ಆದರೆ ಕಣ್ಣು ತಾನಾಗೇ ಮಿಟುಕುತ್ತಲೇ ಇರುತ್ತದೆ. ಅದಕ್ಕೇ ಈ ಪರೀಕ್ಷೆಗೆ ಅವನ ದೇಹಕ್ಕೆ ಸಾಧ್ಯವಿರುವ, ಆದರೆ ತಾನಾಗೇ ಅಪರೂಪಕ್ಕೆ ಆಗುವ ಚಲನೆ ಆರಿಸಬೇಕು. ಬಿಗಿದ ಬಲಗೈ ಎತ್ತು ಅಂದರೆ ಪ್ರಯೋಜನವಿಲ್ಲ. ಎಡ ಹೆಬ್ಬೆರಳು ಆಗಬಹುದು.

ಆಜ್ಞೆ ಒಂದೇ ಇರಲಿ, ಮಾತು ಚಿಕ್ಕದಿರಲಿ: "ತಮ್ಮಾ, ಹೆಬ್ಬೆರಳು ಎತ್ತು." ಹೇಳಿ 10 ಸೆಕೆಂಡ್ ಬಾಯಿ ಮುಚ್ಚಿ ಕಾಯಿರಿ. ಹೀಗೆ ನಾಲ್ಕು ಸಲ. ಕಾಯುವುದು ಕಷ್ಟ. ಮೂರು ಸೆಕೆಂಡಿಗೇ "ಎತ್ತು, ಎತ್ತು ನೋಡೋಣ" ಅಂತ ನಾವು ಶುರು ಮಾಡುತ್ತೇವೆ. ಪೆಟ್ಟು ತಿಂದ ಮೆದುಳಿಗೆ ಮಾತು ಒಳಗೆ ಹೋಗಿ ಕೈಗೆ ಇಳಿಯಲು ಅಷ್ಟು ಹೊತ್ತು ಬೇಕು. ನಾಲ್ಕರಲ್ಲಿ ಮೂರು ಸಲ ಬಂದರೆ ಪರೀಕ್ಷೆಯ ಪ್ರಕಾರ ಅದು ಆಜ್ಞೆ ಪಾಲನೆ.

ಮೂರು ಯಾಕೆ, ಒಂದು ಯಾಕೆ ಸಾಲದು? ನಮ್ಮ ಎಣಿಕೆಗೆ ವಾಪಸ್ ಬನ್ನಿ. ಹೆಬ್ಬೆರಳು ತಾನಾಗೇ 120 ಸೆಕೆಂಡಿನಲ್ಲಿ ಮೂರು ಸಲ, ಅಂದರೆ 40 ಸೆಕೆಂಡಿಗೊಮ್ಮೆ ಅಲುಗುತ್ತದೆ. ನಾವು ಕಾಯುವುದು 10 ಸೆಕೆಂಡ್. ಅಂದರೆ ಏನೂ ಕೇಳಿಸದೆ ಇದ್ದರೂ ನಾಲ್ಕು ಪ್ರಯತ್ನದಲ್ಲಿ ಸುಮಾರು ಒಂದು ಸಲ ಅಕಸ್ಮಾತ್ ಹೊಂದಿಕೆಯಾಗುತ್ತದೆ. ಹಾಗಾಗಿ ನಾಲ್ಕಕ್ಕೆ ಒಂದು ಬಂದರೆ ಅದು ಏನನ್ನೂ ಹೇಳುವುದಿಲ್ಲ. ನಾಲ್ಕಕ್ಕೆ ಮೂರು ಅಥವಾ ನಾಲ್ಕು ಅಕಸ್ಮಾತ್ ಬರುವುದು ಸುಮಾರು ಇಪ್ಪತ್ತು ಪರೀಕ್ಷೆಗೆ ಒಮ್ಮೆ. ಅದೇ ಫಲ ಇನ್ನೊಂದು ದಿನವೂ ಬಂದರೆ ಅಕಸ್ಮಾತ್ ಅನ್ನಲು ಉಳಿಯುವ ಜಾಗ ತೀರಾ ಕಡಿಮೆ.

ಇನ್ನೂ ಗಟ್ಟಿ ಮಾಡಿಕೊಳ್ಳಬೇಕಾದರೆ ನಡುನಡುವೆ "ಸುಮ್ಮನಿರು, ಅಲುಗಬೇಡ" ಅಂತ ಹೇಳಿ ಅದೇ 10 ಸೆಕೆಂಡ್ ನೋಡಿ. ಎತ್ತು ಅಂದಾಗ ಬಂದು, ಬೇಡ ಅಂದಾಗ ಬರದಿದ್ದರೆ ಅದು ಮಾತಿನ ಅರ್ಥಕ್ಕೆ ಬಂದ ಉತ್ತರ. ಎರಡಕ್ಕೂ ಬಂದರೆ ಅದು ಬರೀ ದನಿಗೆ ಬಂದ ಅಲುಗಾಟ.

ನಮ್ಮ ಯುವಕನ ಪುಸ್ತಕದಲ್ಲಿ ಹೀಗೆ ದಾಖಲಾಯಿತು: ಮೊದಲ ಪರೀಕ್ಷೆ 1/4, ಎರಡನೆಯದು 0/4, ಮೂರನೆಯದು 3/4, ನಾಲ್ಕನೆಯದು 1/4, ಐದನೆಯದು 3/4. ಸರಾಸರಿ ತೆಗೆಯಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಅವನು ಕೊಟ್ಟ ಅತ್ಯುತ್ತಮ ಫಲ. ಸೊನ್ನೆ ಬಂದ ದಿನ ಅವನು ದಣಿದಿದ್ದ, ಅಷ್ಟೇ.

ಬರೀ ಕಣ್ಣಿನ ಹಿಂಬಾಲಿಕೆ ಇದ್ದರೆ ವೈದ್ಯರು ಎಂಸಿಎಸ್ ಮೈನಸ್ ಅನ್ನುತ್ತಾರೆ. ಆಜ್ಞೆ ಪಾಲನೆ, ಅರ್ಥವಾಗುವ ಒಂದು ಮಾತು ಹೀಗೆ ಭಾಷೆಯ ಗುರುತು ಸಿಕ್ಕರೆ ಎಂಸಿಎಸ್ ಪ್ಲಸ್. ಇವನು ಈಗ ಪ್ಲಸ್.

ಹಂತ 5: ನೋವು (ಇದನ್ನು ವೈದ್ಯರಿಗೇ ಬಿಡಿ)

ಉಗುರಿನ ಬುಡವನ್ನು ಕನಿಷ್ಠ ಐದು ಸೆಕೆಂಡ್ ಒತ್ತಿ ನೋಡುವ ಪರೀಕ್ಷೆ ಇದು. ಮನೆಯವರು ಚಿವುಟಿ ನೋಡಬೇಡಿ, ಚರ್ಮ ಗಾಯವಾಗುತ್ತದೆ, ಅವನಿಗೆ ನೋವೂ ಆಗುತ್ತಿರಬಹುದು. ಆದರೆ ವೈದ್ಯರು ಏನು ನೋಡುತ್ತಾರೆ ಅಂತ ತಿಳಿದಿರಲಿ. ಒತ್ತಿದ ಕೈಯೇ ಹಿಂದೆ ಸರಿದರೆ ಅದು ಬೆನ್ನುಹುರಿಯ ಮಟ್ಟದಲ್ಲೂ ಆಗುವ ಪ್ರತಿಕ್ರಿಯೆ, ವೆಜಿಟೇಟಿವ್ ಸ್ಥಿತಿಯಲ್ಲೂ ಇರುತ್ತದೆ. ಬಲಗೈ ಒತ್ತಿದಾಗ ಎಡಗೈ ಹುಡುಕಿಕೊಂಡು ಬಂದು ಅದೇ ಜಾಗವನ್ನು ಮುಟ್ಟಿದರೆ ನೋವು ಎಲ್ಲಿದೆ ಅಂತ ಮೇಲಿನ ಮೆದುಳಿಗೆ ಗೊತ್ತಾಗಿದೆ ಅಂತ ಅರ್ಥ.

ಹಂತ 6: ತಾನಾಗೇ ಮಾಡುವ ಸಣ್ಣ ಕೆಲಸಗಳು

ಇಲ್ಲಿ ಮನೆಯವರ ಕಣ್ಣೇ ದೊಡ್ಡದು. ಮೂಗು ಕೆರೆದುಕೊಳ್ಳುವುದು, ಹೊದಿಕೆ ಎಳೆದುಕೊಳ್ಳುವುದು, ಮಂಚದ ಕಂಬಿ ಹಿಡಿಯುವುದು, ಊಟದ ಟ್ಯೂಬ್ ಕಿತ್ತು ಹಾಕುವುದು. ಟ್ಯೂಬ್ ಕಿತ್ತರೆ ನರ್ಸ್ ಬೈಯುತ್ತಾರೆ, ಕೈಯನ್ನು ಬ್ಯಾಂಡೇಜ್ ಸುತ್ತಿ ಕಟ್ಟುತ್ತಾರೆ. ಮರುದಿನ ಪರೀಕ್ಷೆಗೆ ಬಂದವರು "ಯಾವ ಚಲನೆಯೂ ಇಲ್ಲ" ಅಂತ ಬರೆಯುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಕಟ್ಟಬೇಕಾದ ಸಂದರ್ಭ ಇರಬಹುದು, ಆದರೆ ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲಿ ನಿಂತು ಕೈ ಬಿಚ್ಚಿ. ಟ್ಯೂಬಿನ ಕಡೆಗೆ ಕೈ ಹೋಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ.

ನಗು ಮತ್ತು ಅಳುವಿನ ವಿಷಯ ಸೂಕ್ಷ್ಮ. ನಗು ಬರುತ್ತದೆ ಅನ್ನುವುದು ಮುಖ್ಯ ಅಲ್ಲ, ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅನ್ನುವುದು ಮುಖ್ಯ. ಮಗಳ ದನಿಗೆ ನಕ್ಕು, ಅದೇ ಎತ್ತರದಲ್ಲಿ ಮಾತಾಡುವ ಬೇರೆಯವರ ದನಿಗೆ ನಗದಿದ್ದರೆ, ಅದು ಮತ್ತೆ ಮತ್ತೆ ಹಾಗೇ ಆದರೆ, ಅದು ಅಲ್ಪ ಅರಿವಿನ ಗುರುತು.

ಇದು ಎಷ್ಟು ಕಷ್ಟದ ತೀರ್ಮಾನ ಅನ್ನುವುದಕ್ಕೆ ಅರುಣಾ ಶಾನಭಾಗ್ ಅವರ ಪ್ರಕರಣ ನೋಡಿ. ಉತ್ತರ ಕನ್ನಡದ ಹಳದೀಪುರದವರು. ಮುಂಬೈಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಹಲ್ಲೆಗೊಳಗಾಗಿ ಮೆದುಳಿಗೆ ಹಾನಿಯಾಯಿತು, 2015ರಲ್ಲಿ ತೀರಿಕೊಂಡರು. ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ವೈದ್ಯರು ಅವರಲ್ಲಿ ವೆಜಿಟೇಟಿವ್ ಸ್ಥಿತಿಯ ಹೆಚ್ಚಿನ ಲಕ್ಷಣಗಳಿವೆ ಅಂದರು. 2011ರ ಮಾರ್ಚ್ 7ರ ತೀರ್ಪು, ಇಷ್ಟದ ಊಟ ಕೊಟ್ಟರೆ ಅವರು ನಗುತ್ತಾರೆ, ಇಷ್ಟ ಅನಿಷ್ಟವನ್ನು ದನಿಯಿಂದಲೂ ಕೈ ಚಲನೆಯಿಂದಲೂ ತೋರಿಸುತ್ತಾರೆ ಅಂತಲೂ ಹೇಳಿತು. ಎರಡೂ ಮಾತು ಒಂದೇ ತೀರ್ಪಿನಲ್ಲಿವೆ. ಇಂದಿನ ಅಳತೆಯಲ್ಲಿ ಎರಡನೇ ಮಾತು ನಿಜಕ್ಕೂ ಊಟಕ್ಕೆ ತಕ್ಕಂತೆ ಬದಲಾಗುವ ನಗುವಾಗಿದ್ದರೆ ಮೊದಲನೆಯ ಮಾತನ್ನು ಮತ್ತೆ ತೂಗಬೇಕಾಗುತ್ತದೆ. ತೂಗುವ ದಾರಿ ಎಣಿಕೆಯೇ: ಇಷ್ಟದ ಊಟಕ್ಕೆ ಎಷ್ಟು ಸಲ, ಬೇರೆ ಊಟಕ್ಕೆ ಎಷ್ಟು ಸಲ, ಖಾಲಿ ಚಮಚಕ್ಕೆ ಎಷ್ಟು ಸಲ.

ಹಂತ 7: ಎರಡು ವಾರದಲ್ಲಿ ಐದು ಸಲ

ಒಂದು ಪರೀಕ್ಷೆಯಿಂದ ಯಾರನ್ನೂ ವೆಜಿಟೇಟಿವ್ ಅನ್ನಬಾರದು. 2017ರಲ್ಲಿ ಲೀಯೆಜ್‌ನವರು ಲೆಕ್ಕ ಹಾಕಿ, ಎರಡು ವಾರದೊಳಗೆ ಕನಿಷ್ಠ ಐದು ಸಲ ಸಿಆರ್‌ಎಸ್‌-ಆರ್ ಮಾಡಬೇಕು ಅಂದರು. ಕೆಲವು ಬೆಳಿಗ್ಗೆ, ಕೆಲವು ಸಂಜೆ. ನಿಮ್ಮ ಆಸ್ಪತ್ರೆಯಲ್ಲಿ ಪೂರ್ತಿ ಪರೀಕ್ಷೆಗೆ ಸಮಯ ಇಲ್ಲ ಅಂದರೆ ಕನ್ನಡಿ, ಕಣ್ಣು ನೆಡುವುದು, ಆಜ್ಞೆ, ನೋವಿನ ಜಾಗ ಹುಡುಕುವುದು, ತಾನಾಗೇ ಮಾಡುವ ಕೆಲಸ ಎಂಬ ಐದನ್ನಾದರೂ ಮಾಡಲು ಕೇಳಿ. ಅಲ್ಪ ಅರಿವಿನ ಸ್ಥಿತಿಯಲ್ಲಿರುವ ಹೆಚ್ಚುಕಡಿಮೆ ಎಲ್ಲರೂ ಈ ಐದರಲ್ಲಿ ಒಂದನ್ನಾದರೂ ತೋರಿಸುತ್ತಾರೆ. ಕಣ್ಣು ನೆಡುವುದು ಅಂದರೆ ಬಣ್ಣದ ವಸ್ತುವೊಂದನ್ನು ಹೊಸ ಜಾಗಕ್ಕೆ ಸರಿಸಿದಾಗ ಕಣ್ಣು ಅಲ್ಲಿಗೆ ಹೋಗಿ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು.

ಒಂದು ನೋಟ್‌ಬುಕ್ ಇಡಿ. ದಿನ, ಗಂಟೆ, ಹಿಂದಿನ ಔಷಧಿ ಎಷ್ಟು ಹೊತ್ತಿಗೆ ಕೊಟ್ಟದ್ದು, ಜ್ವರ ಇದೆಯಾ, ಏನು ಮಾಡಿಸಿದಿರಿ, ನಾಲ್ಕಕ್ಕೆ ಎಷ್ಟು. "ಇವತ್ತು ಚೆನ್ನಾಗಿದ್ದ" ಅಂತ ಬರೆದರೆ ವೈದ್ಯರಿಗೆ ಉಪಯೋಗವಿಲ್ಲ.

ಹಂತ 8: ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

"ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತಾ?" ಸಾಮಾನ್ಯ ಎಂಆರ್‌ಐ ಮನೆಯ ಗೋಡೆ, ವೈರಿಂಗ್ ಎಲ್ಲಿ ಮುರಿದಿದೆ ಅಂತ ತೋರಿಸುತ್ತದೆ. ಒಳಗೆ ದೀಪ ಉರಿಯುತ್ತಿದೆಯಾ ಅಂತ ಹೇಳುವುದಿಲ್ಲ. ನಮ್ಮ ಯುವಕನ ಎಂಆರ್‌ಐನಲ್ಲಿ ಬಿಳಿ ಭಾಗದಲ್ಲೂ ಎರಡು ಅರ್ಧಗಳನ್ನು ಜೋಡಿಸುವ ಸೇತುವೆಯಲ್ಲೂ ಚುಕ್ಕಿ ಚುಕ್ಕಿ ರಕ್ತದ ಗುರುತು ಇದೆ. ತಲೆ ಜೋರಾಗಿ ತಿರುಚಿದಾಗ ನರದ ಎಳೆಗಳು ಹರಿದದ್ದು ಅದು. ಇದೇ ಚಿತ್ರ ವೆಜಿಟೇಟಿವ್ ಇರುವವರಲ್ಲೂ ಇರುತ್ತದೆ, ಅಲ್ಪ ಅರಿವು ಇರುವವರಲ್ಲೂ ಇರುತ್ತದೆ.

ಎರಡನ್ನೂ ಬೇರೆ ಮಾಡಲು ಹೆಚ್ಚು ನೆರವಾಗುವುದು ಪೆಟ್ ಸ್ಕ್ಯಾನ್. ಕ್ಯಾನ್ಸರ್ ನೋಡಲು ಬಳಸುವ ಅದೇ ಯಂತ್ರ. ಸಕ್ಕರೆಯಂಥ ಒಂದು ಪದಾರ್ಥ ಚುಚ್ಚಿ, ಮೆದುಳಿನ ಯಾವ ಭಾಗ ಎಷ್ಟು ಇಂಧನ ಉರಿಸುತ್ತಿದೆ ಅಂತ ನೋಡುತ್ತಾರೆ. ವೆಜಿಟೇಟಿವ್ ಸ್ಥಿತಿಯಲ್ಲಿ ಹಣೆಯ ಹಿಂದಿನ ಭಾಗ, ನೆತ್ತಿಯ ಎರಡೂ ಬದಿ ಮತ್ತು ಮಧ್ಯದ ಹಿಂಭಾಗ ಮಂಕಾಗಿರುತ್ತವೆ. ಮೆದುಳು ಕಾಂಡ ಮಾತ್ರ ಉರಿಯುತ್ತಿರುತ್ತದೆ. ಅಲ್ಪ ಅರಿವಿನ ಸ್ಥಿತಿಯಲ್ಲಿ ಆ ಮಂಕಾದ ಜಾಲದಲ್ಲಿ ಅಲ್ಲಲ್ಲಿ ಬೆಳಕು ಉಳಿದಿರುತ್ತದೆ. 2016ರ ಒಂದು ಅಧ್ಯಯನದ ಪ್ರಕಾರ ಕಾರ್ಟೆಕ್ಸ್ ಉರಿಸುವ ಇಂಧನ ಆರೋಗ್ಯವಂತರ ಸುಮಾರು 42% ದಾಟಿದವರಲ್ಲಿ ಅರಿವು ಇರುತ್ತದೆ ಅಥವಾ ಮುಂದೆ ಬರುವ ಸಾಧ್ಯತೆ ಹೆಚ್ಚು. ಲೀಯೆಜ್‌ನಲ್ಲೇ 126 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಸಿಗೆ ಪಕ್ಕದ ಪರೀಕ್ಷೆಗೂ ಪೆಟ್‌ಗೂ 85% ಹೊಂದಿಕೆ ಇತ್ತು. ಪರೀಕ್ಷೆಯಲ್ಲಿ ಏನೂ ತೋರಿಸದ 41 ಮಂದಿಯಲ್ಲಿ 13 ಜನರ ಸ್ಕ್ಯಾನ್ ಅಲ್ಪ ಅರಿವಿಗೆ ಹೊಂದುವಂತಿತ್ತು. ಅವರಲ್ಲಿ 9 ಮಂದಿ ಮುಂದೆ ಅರಿವಿಗೆ ಬಂದರು.

ಇನ್ನೊಂದು ಬಗೆ ಫಂಕ್ಷನಲ್ ಎಂಆರ್‌ಐ. ಯಂತ್ರದೊಳಗೆ ಮಲಗಿಸಿ ಏನಾದರೂ ಊಹಿಸಿಕೊಳ್ಳಲು ಹೇಳಿ, ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತು ಅಂತ ನೋಡುವುದು. 2006ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಓವನ್ ತಂಡ 23 ವರ್ಷದ ಮಹಿಳೆಯೊಬ್ಬರ ಬಗ್ಗೆ ಬರೆಯಿತು. ಅಪಘಾತವಾಗಿ ಐದು ತಿಂಗಳಾಗಿತ್ತು, ಹಾಸಿಗೆ ಪಕ್ಕದ ಪರೀಕ್ಷೆಯಲ್ಲಿ ವೆಜಿಟೇಟಿವ್. ಟೆನಿಸ್ ಆಡುವುದನ್ನು ಊಹಿಸಿಕೊಳ್ಳಿ ಅಂದಾಗ ಚಲನೆಯನ್ನು ಯೋಜಿಸುವ ಭಾಗ ಬೆಳಗಿತು. ಮನೆಯೊಳಗೆ ಓಡಾಡುವುದನ್ನು ಊಹಿಸಿ ಅಂದಾಗ ದಾರಿ ನೆನಪಿಡುವ ಭಾಗಗಳು ಬೆಳಗಿದವು. ಕೈ ಅಲುಗಿಸಲು ಆಗದ ಅವರು ಮೆದುಳಿನಿಂದಲೇ ಆಜ್ಞೆ ಪಾಲಿಸಿದ್ದರು.

ಈ ಕಥೆ ಓದಿ ಎಲ್ಲರೂ ಅದೇ ಸ್ಕ್ಯಾನ್ ಬೇಕು ಅನ್ನುತ್ತಾರೆ. 2024ರ ಒಂದು ದೊಡ್ಡ ಅಧ್ಯಯನವನ್ನು ಇದರ ಜೊತೆ ಓದಬೇಕು. ಹೊರಗೆ ಆಜ್ಞೆ ಪಾಲಿಸದ 241 ಮಂದಿಯಲ್ಲಿ 60 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು, ಫಂಕ್ಷನಲ್ ಎಂಆರ್‌ಐ ಅಥವಾ ಇಇಜಿಯಲ್ಲಿ ಒಳಗಿಂದ ಪಾಲಿಸಿದರು. ಆದರೆ ಕಣ್ಣೆದುರೇ ಆಜ್ಞೆ ಪಾಲಿಸುತ್ತಿದ್ದ 112 ಮಂದಿಯಲ್ಲಿ ಈ ಪರೀಕ್ಷೆ ಹಿಡಿದದ್ದು 38% ಮಾತ್ರ. ಅರಿವು ಇದೆ ಅಂತ ಗೊತ್ತಿರುವವರಲ್ಲೇ ಹೆಚ್ಚಿನವರನ್ನು ಯಂತ್ರ ಹಿಡಿಯಲಿಲ್ಲ. ಅರ್ಧ ಗಂಟೆ ಗಮನ ಹಿಡಿದಿಡುವುದು ಅವರಿಗೆ ಆಗುವುದಿಲ್ಲ, ನಿದ್ದೆ ಹೋಗುತ್ತಾರೆ, ತಲೆ ಅಲುಗುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಗುರುತು ಸಿಕ್ಕರೆ ನಂಬಿ. ಸಿಗದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಹಾಸಿಗೆ ಪಕ್ಕದಲ್ಲಿ ಒಂದು ಗುರುತು ಸಿಕ್ಕಿ, ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ ಹಾಸಿಗೆಯ ಪಕ್ಕದ ಗುರುತೇ ಗೆಲ್ಲುತ್ತದೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ಯುವಕನಿಗೆ ಈಗ ಪೆಟ್ ಬೇಕಾಗಿಲ್ಲ. ಎರಡು ಸಲ 3/4 ಸಿಕ್ಕಿದೆ. ಆ ಹಣ ಮೂರು ತಿಂಗಳ ಫಿಸಿಯೋಗೆ ಹೋಗಲಿ. ಐದು ಪರೀಕ್ಷೆಯಲ್ಲೂ ಏನೂ ಸಿಗದೆ, ಅನುಮಾನ ಮಾತ್ರ ಉಳಿದಿರುವವರಿಗೆ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ.

ಹಂತ 9: ಹೆಸರು ಬದಲಾದರೆ ಏನೇನು ಬದಲಾಗಬೇಕು

ಚೀಟಿಯಲ್ಲಿ ಎಂಸಿಎಸ್ ಪ್ಲಸ್ ಅಂತ ತಿದ್ದಿಸಿ. ಮುಂದಿನ ಆಸ್ಪತ್ರೆಯಲ್ಲಿ ಮೊದಲು ಓದುವುದು ಅದನ್ನೇ.

ನೋವಿನ ಚಿಕಿತ್ಸೆ ಕೇಳಿ. ಅಲ್ಪ ಅರಿವು ಇರುವವರ ಮೆದುಳು ನೋವಿಗೆ ನಮ್ಮ ಮೆದುಳಿನ ಹಾಗೇ ಸ್ಪಂದಿಸುತ್ತದೆ ಅಂತ ಪೆಟ್ ಅಧ್ಯಯನಗಳು ತೋರಿಸಿವೆ. ಬಿಗಿದ ಬಲಗೈಯನ್ನು ಎಳೆಯುವ ಮೊದಲು ನೋವಿನ ಔಷಧಿ ಬೇಕಾ ಅಂತ ಫಿಸಿಯೋ ಮತ್ತು ವೈದ್ಯರು ಕೂಡಿ ನೋಡಲಿ. ಅವನ ಎದುರು ಆಸ್ಪತ್ರೆ ಬಿಲ್ಲು, ಸಾಲ, "ಇನ್ನೇನು ಉಳೀತಾನಾ" ಅನ್ನುವ ಮಾತು ನಿಲ್ಲಲಿ.

ಅಮಾಂಟಡಿನ್ ಅನ್ನುವ ಔಷಧಿಯ ಬಗ್ಗೆ ವೈದ್ಯರಲ್ಲಿ ಕೇಳಿ. ತಲೆಗೆ ಪೆಟ್ಟಾಗಿ 4ರಿಂದ 16 ವಾರದೊಳಗಿನ 184 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವಾರ ಇದನ್ನು ಕೊಟ್ಟವರು ಬೇಗ ಸುಧಾರಿಸಿದರು. ನಮ್ಮ ಯುವಕ ಹತ್ತನೇ ವಾರ ದಾಟಿದ್ದಾನೆ, ಆ ಅವಧಿಯೊಳಗೇ ಇದ್ದಾನೆ. ಆದರೆ ಫಿಟ್ಸ್ ಇರುವವರಿಗೆ ಮತ್ತು ಕಿಡ್ನಿ ತೊಂದರೆ ಇರುವವರಿಗೆ ಎಚ್ಚರಿಕೆ ಬೇಕು.

"ಪರ್ಮನೆಂಟ್" ಅನ್ನುವ ಪದ ಯಾರಾದರೂ ಬಳಸಿದರೆ, 2018ರ ಅಮೆರಿಕದ ನರರೋಗ ತಜ್ಞರ ಮಾರ್ಗಸೂಚಿ ಆ ಪದವನ್ನೇ ಕೈಬಿಟ್ಟಿದೆ ಅಂತ ಹೇಳಿ. ಈಗ "ಕ್ರಾನಿಕ್" ಅನ್ನುತ್ತಾರೆ, ಅಂದರೆ ದೀರ್ಘಕಾಲದ್ದು. ಅದೂ ಪೆಟ್ಟಿನಿಂದ ವೆಜಿಟೇಟಿವ್ ಆದವರಲ್ಲಿ 12 ತಿಂಗಳಾದ ಮೇಲೆ, ಆಮ್ಲಜನಕದ ಕೊರತೆಯಂಥ ಬೇರೆ ಕಾರಣದಿಂದ ಆದವರಲ್ಲಿ 3 ತಿಂಗಳಾದ ಮೇಲೆ. ಅಷ್ಟಾದ ಮೇಲೂ ಕೆಲವರು ಸುಧಾರಿಸಿದ್ದು ದಾಖಲಾಗಿದೆ, ಆದರೆ ಹೆಚ್ಚಿನವರಿಗೆ ದೊಡ್ಡ ಅಂಗವೈಕಲ್ಯ ಉಳಿಯುತ್ತದೆ. ಅದನ್ನೂ ಮುಚ್ಚಿಡದೆ ಹೇಳುವ ವೈದ್ಯರನ್ನು ಹುಡುಕಿ.

ಇನ್ನು ಹುಡುಕಬೇಕಾದದ್ದು ಅಲ್ಪ ಅರಿವಿನ ಸ್ಥಿತಿಯಿಂದಲೂ ಆಚೆ ಬಂದ ಗುರುತು. ಅವು ಎರಡು. ಹೌದು ಇಲ್ಲ ಅಂತ ನಂಬುವ ಹಾಗೆ ಉತ್ತರಿಸುವುದು, ಅಥವಾ ಬಾಚಣಿಗೆ ಕೊಟ್ಟರೆ ತಲೆಗೆ, ಲೋಟ ಕೊಟ್ಟರೆ ಬಾಯಿಗೆ ಒಯ್ಯುವುದು. ಅಕ್ಕನಿಗೆ ಈ ವಾರದ ಕೆಲಸ ಹೀಗಿದೆ: ಹೆಬ್ಬೆರಳು ಎತ್ತಿದರೆ ಹೌದು, ಎತ್ತದಿದ್ದರೆ ಇಲ್ಲ ಅಂತ ನಿಯಮ ಇಟ್ಟುಕೊಳ್ಳಬೇಡಿ, ಎತ್ತದಿರುವುದು ನಿದ್ದೆಯೂ ಆಗಿರಬಹುದು. ಹೌದಿಗೆ ಹೆಬ್ಬೆರಳು, ಇಲ್ಲಕ್ಕೆ ತಲೆ ತಿರುಗಿಸುವುದು ಅಂತ ಎರಡು ಬೇರೆ ಚಲನೆ ಕಲಿಸಿ. ಆಮೇಲೆ ಉತ್ತರ ನಿಮಗೆ ಗೊತ್ತಿರುವ ಆರು ಪ್ರಶ್ನೆ ಕೇಳಿ. "ನಾನು ಚಪ್ಪಾಳೆ ತಟ್ತಾ ಇದ್ದೀನಾ?" ಒಮ್ಮೆ ತಟ್ಟುತ್ತಾ ಕೇಳಿ, ಒಮ್ಮೆ ತಟ್ಟದೆ ಕೇಳಿ. ಪ್ರತಿ ಸಲ 10 ಸೆಕೆಂಡ್ ಕಾಯಿರಿ. ಆರಕ್ಕೆ ಎಷ್ಟು ಅಂತ ದಿನಾಂಕ ಹಾಕಿ ಬರೆಯಿರಿ.